ಕನ್ನಡ ಕೇಳಬಲ್ಲವರಿಗೆ ಉತಾರ ಓದಿ ಹೇಳುವುದು

ಮುಂಬಯಿಯ ಕನ್ನಡಿಗರು ನಾಲ್ವರು ಒಂದೆಡೆ ಕುಳಿತರೆ ಇತ್ತೀಚೆಗೆ ಯೂಟ್ಯೂಬ್ ವಾಹಿನಿಯ ಮಾತು ಬಾರದೆ ಹೋಗುವುದಿಲ್ಲ. ಅಡುಗೆ, ಪ್ರವಾಸ, ಪುಸ್ತಕ ಪರಿಚಯ, ಯಕ್ಷಗಾನದ ತುಣುಕುಗಳು ಎಂದು ಪಟ್ಟಿ ಬೆಳೆಯುತ್ತದೆ. ಪ್ರತಿಯೊಂದಕ್ಕೂ 'ಇದು ಕನ್ನಡದಲ್ಲಿ ಇನ್ನೂ ಸರಿಯಾಗಿ ಬಂದಿಲ್ಲ' ಎಂಬ ಸಮರ್ಥನೆ ಸಿದ್ಧವಾಗಿರುತ್ತದೆ. ನಮ್ಮ ಬಳಗದ ಚರ್ಚೆಯೂ ಹೀಗೆಯೇ ಆರಂಭವಾಯಿತು. ಆದರೆ ಕನ್ನಡದಲ್ಲಿ ಇಲ್ಲದ್ದೆಲ್ಲವೂ ಕನ್ನಡಿಗರಿಗೆ ಬೇಕಾದದ್ದೇ ಎಂದು ಹೇಳಲಾಗದು. ಕೆಲವು ಅಂಗಳಗಳು ಖಾಲಿ ಉಳಿಯುವುದು ಅತ್ತ ಯಾರೂ ಸುಳಿಯುವುದಿಲ್ಲವೆಂಬ ಕಾರಣಕ್ಕೆ. ಆದ್ದರಿಂದ ನಾವು ವಿಷಯಗಳ ಪಟ್ಟಿಯನ್ನು ಬದಿಗಿಟ್ಟು ಒಂದು ಪ್ರಶ್ನೆಯಿಂದ ಹೊರಟೆವು: ನಮ್ಮ ಜನ ಈಗಾಗಲೇ ಇನ್ನೊಬ್ಬರ ಮನೆಗೆ ಹೋಗಿ, ಸಂಕೋಚಪಟ್ಟು, ಏನನ್ನು ಕೇಳುತ್ತಿದ್ದಾರೆ?

ಉತ್ತರ ನಮ್ಮ ಬಳಿಯೇ ಇತ್ತು. ಬಳಗದಲ್ಲಿ ಕನ್ನಡ ಓದಬಲ್ಲ ಹಿರಿಯರ ಬಳಿಗೆ ಜನ ತರುವುದು ಹೆಚ್ಚಾಗಿ ಊರಿನ ಜಮೀನಿನ ಕಾಗದಗಳನ್ನು. ಇಂಡಿ, ಜಮಖಂಡಿ, ಅಥಣಿಯ ಕಡೆಯಿಂದ ಬಂದು ನೆಲೆಸಿದವರ ಮಕ್ಕಳು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಓದಿದವರು. ಮನೆಯಲ್ಲಿ ಕನ್ನಡವನ್ನು ಸೊಗಸಾಗಿ ಆಡುತ್ತಾರೆ. ಅಕ್ಷರ ಮಾತ್ರ ಬಾರದು. ತಂದೆ ತೀರಿಕೊಂಡ ಮೇಲೆ ಊರಿನಿಂದ ವಾಟ್ಸ್ಯಾಪಿನಲ್ಲಿ ಒಂದು ಕಾಗದ ಬರುತ್ತದೆ, ಜೊತೆಗೆ 'ಜಾತ್ರೆಗೆ ಬಂದಾಗ ಒಂದು ಸಹಿ ಮಾಡಿ ಹೋಗು, ತಂಗೆವ್ವ' ಎಂಬ ಮಾತು. ಆ ಕಾಗದದಲ್ಲಿ ಏನಿದೆ ಎಂದು ಊರವರನ್ನೇ ಕೇಳಿದರೆ ಅಣ್ಣನ ಮೇಲೆ ಅನುಮಾನಪಟ್ಟಂತೆ, ಕೇಳದಿದ್ದರೆ ಕಣ್ಣು ಮುಚ್ಚಿ ಸಹಿ ಹಾಕಿದಂತೆ. ಕನ್ನಡವನ್ನು ಕೇಳಿ ತಿಳಿಯಬಲ್ಲ, ಆದರೆ ಓದಲಾರದ ಈ ಜನರಿಗೆ ಪುಸ್ತಕವಾಗಲಿ ಲೇಖನವಾಗಲಿ ನೆರವಾಗದು, ದನಿಯೇ ಬೇಕು. ವಿಡಿಯೊ ಎಂಬ ಮಾಧ್ಯಮಕ್ಕೆ ಇಲ್ಲಿ ನಿಜವಾದ ಕೆಲಸವಿದೆ ಎಂದು ನಮಗೆ ಅನಿಸಿದ್ದು ಈ ಕಾರಣದಿಂದ.

ಜಮೀನಿನ ದಾಖಲೆಗಳ ಬಗ್ಗೆ ಕನ್ನಡದಲ್ಲಿ ವಿಡಿಯೊಗಳಿಗೆ ಬರವಿಲ್ಲ. ಆದರೆ ನಾವು ನೋಡಿದವುಗಳಲ್ಲಿ ಹೆಚ್ಚಿನವು ಊರಿನಲ್ಲಿಯೇ ಇದ್ದು ಕನ್ನಡ ಓದಬಲ್ಲ ರೈತರನ್ನು ಉದ್ದೇಶಿಸಿದವು: ಯಾವ ಜಾಲತಾಣ, ಯಾವ ಗುಂಡಿ ಒತ್ತಬೇಕು ಎಂಬಲ್ಲಿಗೆ ಮುಗಿಯುತ್ತವೆ. ಕಾಗದ ಕೈಗೆ ಬಂದ ಮೇಲೆ ಅದರಲ್ಲಿರುವುದನ್ನು ಓದಿ ಹೇಳುವವರು ವಿರಳ. ವಿಷಯ ಹಳೆಯದೇ ಆದರೂ ಕೇಳುಗರು ಹೊಸಬರು. ಉಪೇಕ್ಷಿತ ಪ್ರೇಕ್ಷಕರನ್ನು ಹುಡುಕುವವರು ವಿಷಯದ ಹೊಸತನಕ್ಕಿಂತ ಈ ವ್ಯತ್ಯಾಸವನ್ನು ಗಮನಿಸುವುದು ಲೇಸು.

ಮೊದಲ ತೊಡಕು ಹೆಸರಿನದು. ಜಮೀನಿನ ಹಕ್ಕು, ಗೇಣಿ, ಪಹಣಿಯ ದಾಖಲೆಯನ್ನು ಸರಕಾರ ಆರ್‌ಟಿಸಿ ಎನ್ನುತ್ತದೆ. ಹಳೆ ಮೈಸೂರಿನವರ ಬಾಯಲ್ಲಿ ಅದು ಪಹಣಿ. ಹಳೆಯ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಜಿಲ್ಲೆಗಳವರು ಉತಾರ ಎನ್ನುತ್ತಾರೆ. ಮಹಾರಾಷ್ಟ್ರದಲ್ಲಿ ಬೆಳೆದವರಿಗೆ ಇದೇ ಬಗೆಯ ಕಾಗದ ಸಾತ್‌ಬಾರಾ ಎಂದು ಪರಿಚಿತ. ಒಂದು ಹೆಸರಿಟ್ಟು ವಿಡಿಯೊ ಹಾಕಿದರೆ ಉಳಿದ ಹೆಸರುಗಳಲ್ಲಿ ಹುಡುಕುವವರಿಗೆ ಅದು ಸಿಗುವುದು ಕಷ್ಟ. ಅಲ್ಲದೆ ನಮ್ಮ ಕೇಳುಗರು ಕನ್ನಡ ಲಿಪಿಯಲ್ಲಿ ಹುಡುಕುವವರೇ ಅಲ್ಲ. ಅವರ ಬೆರಳು ರೋಮನ್ ಅಕ್ಷರಗಳಲ್ಲಿ ಓಡುತ್ತದೆ. ನಮ್ಮ ಖಾತೆಯಿಂದ ಹೊರಬಂದು, ಹಿಂದಿನ ವೀಕ್ಷಣೆಗಳ ನೆರಳು ಬೀಳದಂತೆ, ಒಂದೊಂದೇ ಪದವನ್ನು ಹುಡುಕುಪಟ್ಟಿಯಲ್ಲಿ ಬರೆದು ಯಾವ ಸೂಚನೆಗಳು ಬರುತ್ತವೆ ಎಂದು ನೋಡಿದೆವು. utara ಎಂದಷ್ಟೇ ಬರೆದಾಗ ದೃಷ್ಟಿ ತೆಗೆಯುವ ಹಿಂದಿ ವಿಡಿಯೊಗಳೂ ಎದುರಾದವು. ಹಾಗಾಗಿ ಶೀರ್ಷಿಕೆಯನ್ನು ಹೀಗೆ ಕಟ್ಟಿದೆವು:

Utara / Pahani / RTC column 9, 10, 11 Kannada – ಉತಾರದಲ್ಲಿ ಹೆಸರು ಹೇಗೆ ಬಂತು?

ನೋಡಲು ಅಂದವಿಲ್ಲ. ಸಾಹಿತ್ಯ ಬಳಗದವರಿಗೆ ಇಂಥ ಶೀರ್ಷಿಕೆ ಇರಿಸುಮುರಿಸು. ಆದರೆ ಬಾಗಿಲಿನ ಮೇಲಿನ ಫಲಕವನ್ನು ಬರುವವನ ಲಿಪಿಯಲ್ಲಿ ಬರೆಯಬೇಕಲ್ಲದೆ ಮನೆಯವರ ರುಚಿಗಲ್ಲ.

ಇನ್ನು ಆ ವಿಡಿಯೊದ ಒಳಗೆ ಏನಿದೆ ಎಂಬುದು. ಉತಾರಗಳು landrecords.karnataka.gov.in ತಾಣದಲ್ಲಿ ಯಾರಿಗೂ ನೋಡಲು ಸಿಗುತ್ತವೆ. ಆದರೂ ನಾವು ಯಾರ ನಿಜವಾದ ಉತಾರವನ್ನೂ ತೋರಿಸುವುದಿಲ್ಲ. ಖಾಲಿ ನಮೂನೆಯನ್ನು ಬರೆದುಕೊಂಡು ಕಲ್ಪಿತ ಹೆಸರುಗಳನ್ನು ತುಂಬುತ್ತೇವೆ. ಮೂರನೆಯ ಕಾಲಂನಲ್ಲಿ ವಿಸ್ತೀರ್ಣ 6-10 ಎಂದಿದೆ ಎನ್ನೋಣ. ಪೇಟೆಯಲ್ಲಿ ಬೆಳೆದ ಕಣ್ಣು ಅದನ್ನು ಆರು ದಶಾಂಶ ಒಂದು ಎಕರೆ ಎಂದು ಓದುತ್ತದೆ. ಅದು ಆರು ಎಕರೆ ಹತ್ತು ಗುಂಟೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಆರೂಕಾಲು ಎಕರೆ. ಅದರ ಕೆಳಗೆ 'ಬ' ಖರಾಬು 0-10 ಎಂದಿದ್ದರೆ ಆ ಹತ್ತು ಗುಂಟೆ ದಾರಿ, ಹಳ್ಳ ಮುಂತಾದ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ಹಂಚಿಕೊಳ್ಳಲು ಉಳಿಯುವುದು ಆರು ಎಕರೆ. ಊರಿನಲ್ಲಿ ಅಣ್ಣ 'ಆರೇ ಎಕರೆ' ಎಂದದ್ದು ಮೋಸವೆಂದು ತಿಳಿದು ಮಾತು ಬಿಡುವ ಮೊದಲು ಈ ಲೆಕ್ಕ ಗೊತ್ತಿರಬೇಕು.

ಒಂಬತ್ತನೆಯ ಕಾಲಂನಲ್ಲಿ ಹೆಸರುಗಳಿರುತ್ತವೆ. ನೋಡುವವರೆಲ್ಲ ಅಲ್ಲಿಗೆ ನಿಲ್ಲುತ್ತಾರೆ: ನನ್ನ ಹೆಸರು ಇದೆಯೇ, ಇಲ್ಲವೇ? ನಾವು ಅವರನ್ನು ಪಕ್ಕದ ಹತ್ತನೆಯ ಕಾಲಂಗೆ ಕರೆದೊಯ್ಯುತ್ತೇವೆ. ಆ ಹೆಸರು ಯಾವ ಬಗೆಯಿಂದ ಬಂತು ಎಂಬ ಗುರುತು ಅಲ್ಲಿದೆ: ಪೌತಿ ಅಥವಾ ವಾರಸಾ, ವಿಭಾಗ, ಕ್ರಯ, ದಾನ, ಹಕ್ಕು ಬಿಡುಗಡೆ. ಜೊತೆಗೆ ಎಂ.ಆರ್. ಎಂಬ ಹಕ್ಕು ಬದಲಾವಣೆಯ ಸಂಖ್ಯೆ ಇರುತ್ತದೆ. ಮರಾಠಿಯ ಫೇರ್‌ಫಾರ್ ತಿಳಿದವರಿಗೆ ಒಡನೆ ಅರ್ಥವಾಗುತ್ತದೆ. ಆ ಸಂಖ್ಯೆಯಿಂದ ಬದಲಾವಣೆಯ ಪ್ರತಿ ಪಡೆದರೆ ಯಾವ ಆಧಾರದ ಮೇಲೆ ಹೆಸರು ಸೇರಿತು, ಯಾವುದು ಬಿಟ್ಟುಹೋಯಿತು ಎಂಬುದು ತಿಳಿಯುತ್ತದೆ. ಹನ್ನೊಂದನೆಯ ಕಾಲಂ ಇತರ ಹಕ್ಕು ಮತ್ತು ಋಣಗಳದು. ಸೊಸೈಟಿಯ ಸಾಲ ತೀರಿದ ಮೇಲೂ ಋಣಮುಕ್ತಿಯ ಪತ್ರ ಕೊಟ್ಟು ತೆಗೆಸದಿದ್ದರೆ ಆ ನಮೂದು ಹಾಗೆಯೇ ಉಳಿದಿರಬಹುದು.

ಈ ಐದಾರು ಪದಗಳನ್ನು ನಾವು ತೆರೆಯ ಮೇಲೆ ದೊಡ್ಡದಾಗಿ ಬರೆದು, ನಿಧಾನವಾಗಿ ಎರಡೆರಡು ಬಾರಿ ಓದುತ್ತೇವೆ. ಅಕ್ಷರಮಾಲೆ ಕಲಿಯುವ ವ್ಯವಧಾನ ಇಲ್ಲದವರೂ ಒಂದು ಪದದ ಆಕಾರವನ್ನು ನೆನಪಿಟ್ಟುಕೊಳ್ಳಬಲ್ಲರು. 'ವಾರಸಾ' ಎಂಬುದನ್ನೂ 'ಹಕ್ಕು ಬಿಡುಗಡೆ' ಎಂಬುದನ್ನೂ ಕಂಡು ಬೇರೆಯೆಂದು ಗುರುತಿಸಿದರೆ ಸಾಕು, ಸಹಿ ಹಾಕುವ ಮೊದಲು ಕೈ ಒಂದು ಗಳಿಗೆ ತಡೆಯುತ್ತದೆ.

ಇಷ್ಟು ಚಿಕ್ಕ ಸಮುದಾಯಕ್ಕಾಗಿ ವಾಹಿನಿ ನಡೆಸಿದರೆ ಅದು ನಿಂತೀತೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಬಹುದು. ಜಾಹೀರಾತಿನ ಆದಾಯಕ್ಕೆ ಯೂಟ್ಯೂಬ್ ವಿಧಿಸುವ ಮಿತಿಗಳಲ್ಲಿ ಒಂದು ದಾರಿ 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ. ಎಂಟು ನಿಮಿಷದ ವಿಡಿಯೊವನ್ನು ಒಬ್ಬರು ಸರಾಸರಿ ನಾಲ್ಕು ನಿಮಿಷ ನೋಡಿದರೆ ಒಂದು ಗಂಟೆಗೆ 15 ವೀಕ್ಷಣೆ ಬೇಕು. 4,000 ಗಂಟೆಗೆ 60,000. ವರ್ಷಕ್ಕೆ 50 ವಿಡಿಯೊ ಮಾಡಿದರೆ ಒಂದಕ್ಕೆ 1,200 ಜನ. ಲಕ್ಷಗಳ ಮಾತಿಲ್ಲ. ಕಾಲಂಗಳ ಅರ್ಥ ವರ್ಷವರ್ಷ ಬದಲಾಗದ ಕಾರಣ ಹಳೆಯ ವಿಡಿಯೊಗಳೂ ದುಡಿಯುತ್ತಿರುತ್ತವೆ. ಬದಲಾಗುವುದು ಶುಲ್ಕ, ಅವಧಿ, ತಾಣದ ಪುಟಗಳು. ಅವುಗಳನ್ನು ಬೇರೆ ಚಿಕ್ಕ ವಿಡಿಯೊಗಳಲ್ಲಿ, ತಿಂಗಳು ವರ್ಷ ನಮೂದಿಸಿಯೇ ಹೇಳುತ್ತೇವೆ; ಹಳತಾದಾಗ ಅವನ್ನಷ್ಟೇ ತೆಗೆದರಾಯಿತು. ಒಂದು ನಿಮಿಷದ ಶಾರ್ಟ್ಸ್ ಮಾಡಿ ಗಂಟೆ ಕೂಡಿಸುವೆವೆಂದರೆ ಆಗದು: ಶಾರ್ಟ್ಸ್ ಫೀಡಿನಲ್ಲಿ ನೋಡಿದ ಹೊತ್ತು ಈ 4,000 ಗಂಟೆಯ ಲೆಕ್ಕಕ್ಕೆ ಸೇರುವುದಿಲ್ಲ.

ನಾವು ಉದ್ದೇಶಿಸಿದವರೇ ನೋಡುತ್ತಿದ್ದಾರೆಯೇ ಎಂದು ತಿಳಿಯಲು ಒಟ್ಟು ವೀಕ್ಷಣೆಯ ಸಂಖ್ಯೆ ನೆರವಾಗದು. ನಾವು ಮೂರು ಕಡೆ ಕಣ್ಣಿಡುತ್ತೇವೆ. ವೀಕ್ಷಕರು ಹುಡುಕಾಟದಿಂದ ಬಂದರೋ, ಯೂಟ್ಯೂಬಿನ ಶಿಫಾರಸಿನಿಂದಲೋ. ಹುಡುಕಾಟದಿಂದಾದರೆ ಯಾವ ಪದ ಬರೆದು. ಕರ್ನಾಟಕದ ಹೊರಗಿನ ನಗರಗಳಿಂದ ಎಷ್ಟು ಮಂದಿ. ಮೂರನೆಯದು, ನೋಟ ಎಲ್ಲಿ ನಿಂತಿತು ಎಂದು ತೋರಿಸುವ ಗೆರೆ. ಆ ಗೆರೆ ಇಳಿಯುತ್ತ ಹೋಗುವುದು ಸಹಜ. ನಡುವೆ ಎಲ್ಲಿಯಾದರೂ ಉಬ್ಬಿದರೆ ಜನ ಹಿಂದಕ್ಕೆ ಸರಿಸಿ ಮತ್ತೆ ನೋಡಿದ್ದಾರೆ ಎಂದರ್ಥ. ಹತ್ತನೆಯ ಕಾಲಂ ವಿವರಿಸುವಲ್ಲಿ ಉಬ್ಬು ಕಂಡರೆ ಅಲ್ಲಿ ಯಾರೋ ತಮ್ಮ ಕಾಗದವನ್ನು ಕೈಯಲ್ಲಿ ಹಿಡಿದು ಕುಳಿತಿದ್ದಾರೆ. ಸಾಲ ಮನ್ನಾ ಸುದ್ದಿಯ ವಿಡಿಯೊ ಹಾಕಿದರೆ ಜನಸಂದಣಿ ಬಂದೀತು. ಆದರೆ ಆ ಸಂದಣಿ ಮುಂದಿನ ವಿಡಿಯೊವನ್ನು ತೆರೆಯದಿದ್ದರೆ ವಾಹಿನಿ ಯಾರಿಗಾಗಿ ಎಂಬ ಗುರುತೇ ಮಸುಕಾಗುತ್ತದೆ.

ಈ ಕೆಲಸದ ಎಲ್ಲೆಯನ್ನು ನಾವು ಮೊದಲೇ ಹಾಕಿಕೊಂಡಿದ್ದೇವೆ. ಉತಾರದಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಸಿದ್ಧವಾಗುವುದಿಲ್ಲ, ಇಲ್ಲದ ಮಾತ್ರಕ್ಕೆ ಹಕ್ಕು ಹೋಗುವುದೂ ಇಲ್ಲ. ಕಂದಾಯದ ನಮೂದನ್ನು ಬೇರೆ ರೀತಿ ಸಾಬೀತಾಗುವವರೆಗೆ ಸರಿಯೆಂದು ಕಾನೂನು ಭಾವಿಸುತ್ತದೆ, ಅಷ್ಟೆ. ಹೆಣ್ಣುಮಕ್ಕಳ ಪಾಲಿನ ಪ್ರಶ್ನೆಗೆ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಇದೆ. ಆದರೆ ಒಂದು ಮನೆಯಲ್ಲಿ ವಿಭಾಗ ಯಾವಾಗ, ಹೇಗೆ ಆಯಿತು ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ. ಅದನ್ನು ಕಾಗದಗಳ ಸಮೇತ ವಕೀಲರೇ ನೋಡಬೇಕು. ಪ್ರತಿಕ್ರಿಯೆಗಳಲ್ಲಿ ಸರ್ವೆ ನಂಬರು, ಫೋನ್ ನಂಬರು ಬರೆದು 'ನಮ್ಮಣ್ಣ ಮೋಸ ಮಾಡ್ಯಾನೇನ್ರಿ?' ಎಂದು ಕೇಳುವವರಿದ್ದಾರೆ. ಅಂಥವನ್ನು ಎಲ್ಲರ ಕಣ್ಣಿಗೆ ಬೀಳದಂತೆ ತೆಗೆದು, ಎಂ.ಆರ್. ಪ್ರತಿ ಪಡೆಯುವ ಬಗೆಯನ್ನಷ್ಟೇ ತಿಳಿಸುತ್ತೇವೆ.

ಬಳಗದ ಹಿರಿಯರೊಬ್ಬರು ಆರಂಭದಲ್ಲಿ ಆಕ್ಷೇಪಿಸಿದ್ದರು: ಇದರಿಂದ ಅಣ್ಣ ತಂಗಿಯರ ನಡುವೆ ಇಲ್ಲದ ಜಗಳ ಹುಟ್ಟೀತು ಎಂದು. ಆ ಭಯ ಸುಳ್ಳೆಂದು ನಾವು ಹೇಳಲಾರೆವು. ಆದರೆ ಓದಲು ಬಾರದ ತಂಗಿ ಸುಮ್ಮನಿರುವುದನ್ನು ಸಾಮರಸ್ಯವೆಂದು ಕರೆಯಲೂ ನಮಗೆ ಮನಸ್ಸಾಗಲಿಲ್ಲ. ಮುಂದಿನ ವಿಡಿಯೊ ಹಕ್ಕು ಬಿಡುಗಡೆ ಪತ್ರದ ಬಗ್ಗೆ. ಅದನ್ನು ಓದಿ ಹೇಳುವ ದನಿ ಆ ಹಿರಿಯರದೇ.