ತಂದೆಯವರ ಶಬ್ದಕೋಶ

ಮುಂಬಯಿಗೆ ಬಂದ ಹೊಸದರಲ್ಲಿ ನಾವು ಮರಾಠಿಯನ್ನು ಕಲಿತದ್ದು ಪುಸ್ತಕದಿಂದಲ್ಲ, ಚಾಳಿನ ಹುಡುಗರ ಬಾಯಿಂದ. ಅವರು ಒಬ್ಬರನ್ನೊಬ್ಬರು ಕಂಡೊಡನೆ ‘ಕಾಯ್ ರೇ!’ ಎನ್ನುತ್ತಿದ್ದರು. ಮಾತು ಸೊಗಸಾಗಿದೆಯೆಂದು ನಾವೂ ಕಾಯಿಪಲ್ಲೆಯ ಮಾರುಕಟ್ಟೆಯಲ್ಲಿ ಬಿಳಿ ಮೀಸೆಯ ಮುದುಕರೊಬ್ಬರಿಗೆ ‘ಕಾಯ್ ರೇ’ ಎಂದುಬಿಟ್ಟೆವು. ಸುತ್ತಲಿದ್ದವರು ನಕ್ಕರು. ಮುದುಕರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಮೆಂತ್ಯದ ಕಟ್ಟನ್ನು ನಮ್ಮ ಚೀಲಕ್ಕೆ ಹಾಕುತ್ತ, ‘ರೇ’ ಎಂಬುದು ಓರಗೆಯವರಿಗೆ, ಹಿರಿಯರಿಗೆ ‘ಹೋ’ ಎನ್ನಬೇಕು ಎಂದು ತಿಳಿಸಿ ಕಳುಹಿದರು. ಈ ಉಪಕಾರವನ್ನು ನಾವು ಮರೆತೇಬಿಟ್ಟಿದ್ದೆವು. ಅದನ್ನು ನೆನಪಿಗೆ ತಂದವರು ನಮ್ಮ ತಂದೆಯವರು.

ತಂದೆಯವರು ಗದಗಿನ ಸಮೀಪದ ನಮ್ಮ ಊರಿನಲ್ಲಿದ್ದಾರೆ. ನಾವು ಮುಂಬಯಿಯಲ್ಲಿ, ತಮ್ಮ ಬೆಂಗಳೂರಿನಲ್ಲಿ, ಅಕ್ಕನ ಮಗಳು ಹುಬ್ಬಳ್ಳಿಯ ಕಾಲೇಜಿನಲ್ಲಿ. ಹೀಗೆ ಚದುರಿದ ಕುಟುಂಬವನ್ನು ವಾಟ್ಸಾಪ್‌ನ ‘ಮನಿ ಮಂದಿ’ ಎಂಬ ಗುಂಪು ಒಂದುಗೂಡಿಸಿದೆ. ಅದರಲ್ಲಿ ತಂದೆಯವರು ಪ್ರತಿದಿನ ಮುಂಜಾನೆ ಮಳೆಯ ಸುದ್ದಿ, ಆಕಳ ಸುದ್ದಿ ಬರೆಯುತ್ತಿದ್ದರು. ಅದಕ್ಕೆ ನಮ್ಮಿಂದ ಹೋಗುತ್ತಿದ್ದುದು ಒಂದು ಹೆಬ್ಬೆರಳಿನ ಚಿತ್ರ ಮಾತ್ರ. ಆದರೆ ಕಿರಿಯರಿಬ್ಬರು ‘ಬ್ರೋ’, ‘ಮಚ್ಚಾ’ ಎಂದು ಆರಂಭಿಸಿದರೆ ರಾತ್ರಿ ಹನ್ನೊಂದರವರೆಗೂ ಮಾತು ಮುಗಿಯುತ್ತಿರಲಿಲ್ಲ.

ಒಂದು ದಿನ ತಂದೆಯವರು ತಮ್ಮನಿಗೆ, ‘ಮಚ್ಚಾ, ಊಟ ಆತೇನು?’ ಎಂದು ಬರೆದರು. ತಮ್ಮನು, ‘ಅಪ್ಪಾ, ನಾ ನಿಮ್ಮ ಮಗನೋ, ಮೈದುನನೋ?’ ಎಂದು ಕೇಳಿದನು. ಮರುದಿನ ಮೊಮ್ಮಗಳಿಗೆ ‘ಬ್ರೋ, ಪರೀಕ್ಷಾ ಯಾವಾಗ?’ ಎಂಬ ಪ್ರಶ್ನೆ ಬಂತು. ಮೂರನೆಯದು ಎಲ್ಲಕ್ಕೂ ಮಿಗಿಲು. ನಮ್ಮ ಸೋದರತ್ತೆ ತಮ್ಮ ಹೊಸ ಮನೆಯ ಚಿತ್ರವನ್ನು ಕಳುಹಿಸಿದರೆ, ತಂದೆಯವರು ಅದರ ಕೆಳಗೆ ಒಂದು ತಲೆಬುರುಡೆಯನ್ನು ಇಟ್ಟರು! ಅತ್ತೆ ಗಾಬರಿಯಿಂದ ಫೋನು ಮಾಡಿ, ‘ಅಣ್ಣಾ, ಹೊಸಾ ಮನೀಗೆ ಬುರುಡಿ ಯಾಕ ಇಟ್ಟಿ?’ ಎಂದು ಕೇಳಿದರಂತೆ.

ಅಂದು ಗುಂಪಿನಲ್ಲಿ ನಗೆಯ ಹಬ್ಬವೇ ನಡೆಯಿತು. ಅಕ್ಕನ ಮಗಳು ಅಜ್ಜನ ಭಾವಚಿತ್ರಕ್ಕೆ ಕಪ್ಪು ಕನ್ನಡಕ ಹಾಕಿ, ‘ಬ್ರೋ ಅಜ್ಜ’ ಎಂಬ ಸ್ಟಿಕರ್ ಮಾಡಿ ಹಂಚಿದಳು. ನಾವೂ ಹಿಂದೆ ಬೀಳಲಿಲ್ಲ; ನಗೆಯ ಮುಖಗಳನ್ನು ಸಾಲುಸಾಲಾಗಿ ಒತ್ತಿದೆವು. ಮರುದಿನದಿಂದ ಮುಂಜಾನೆಯ ಮಳೆಯ ಸುದ್ದಿ ನಿಂತಿತು. ನಿಂತಿತೆಂಬುದು ನಮ್ಮ ಗಮನಕ್ಕೆ ಬಂದದ್ದು ಹನ್ನೊಂದನೆಯ ದಿನ.

ದೀಪಾವಳಿಯ ರಜೆಗೆ ಊರಿಗೆ ಹೋದಾಗ, ಹಾಲಿನ ಲೆಕ್ಕದ ವಹಿಯ ಕೊನೆಯ ಪುಟದಲ್ಲಿ ತಂದೆಯವರ ಅಕ್ಷರ ಕಣ್ಣಿಗೆ ಬಿತ್ತು. ‘ಬ್ರೋ: ಅಣ್ಣ, ತಮ್ಮ. ಎಲ್ಲರಿಗೂ ನಡೀತದ.’ ‘ಮಚ್ಚಾ: ಭಾಳ ಪ್ರೀತಿ ಇದ್ದಾಗ.’ ‘ಬುರುಡಿ: ಭಾಳ ಚಲೋ ಅನಿಸಿದಾಗ.’ ರಾತ್ರಿಯ ಹರಟೆಯನ್ನೆಲ್ಲ ಓದಿ, ಊಹಿಸಿ, ಅರ್ಥ ಬರೆದಿಟ್ಟಿದ್ದರು.

ಉಪಾಧ್ಯಾಯರಾದ ನಾವು ಅದನ್ನು ಉತ್ತರಪತ್ರಿಕೆಯಂತೆ ಪರಿಶೀಲಿಸಿದೆವು. ಅರ್ಥಗಳು ಬಹುಮಟ್ಟಿಗೆ ಸರಿಯೇ. ‘ಮಚ್ಚಾ’ ತಮಿಳಿನ ‘ಮಚ್ಚಾನ್’ ಎಂಬುದರಿಂದ ಬಂದದ್ದು. ಅಲ್ಲಿ ಅದು ಭಾವಮೈದುನರ ಹೆಸರು, ಬೆಂಗಳೂರಿನ ಹುಡುಗರಲ್ಲಿ ಗೆಳೆಯನ ಹೆಸರು. ಪ್ರೀತಿ ಅದರಲ್ಲಿ ಉಂಟು. ಬುರುಡೆಗೆ ಕಿರಿಯರು ಕೊಡುವ ಅರ್ಥ ‘ನಕ್ಕು ನಕ್ಕು ಸತ್ತೆ’ ಎಂದು. ತಂದೆಯವರು ಸಂತೋಷವನ್ನು ಗುರುತಿಸಿದ್ದರು, ಅದು ನಗೆಯ ಸಂತೋಷವೆಂಬುದೊಂದೇ ತಪ್ಪಿತ್ತು. ಅವರ ಪಟ್ಟಿಯಲ್ಲಿ ಇಲ್ಲದಿದ್ದುದು ಒಂದೇ: ಯಾರು ಯಾರಿಗೆ ಅನ್ನಬೇಕು ಎಂಬುದು. ಅದು ಊಹೆಗೆ ನಿಲುಕುವುದಿಲ್ಲ. ಯಾರಾದರೂ ಹೇಳಿಯೇ ತಿಳಿಯಬೇಕು. ಮಾರುಕಟ್ಟೆಯ ಮುದುಕರು ಅಪರಿಚಿತರಾದ ನಮಗೆ ಹೇಳಿದ್ದರು. ಹೆತ್ತ ತಂದೆಗೆ ನಾವು ಹೇಳಲಿಲ್ಲ, ನಕ್ಕೆವು.

‘ಇದೆಲ್ಲ ಯಾತಕ್ಕ ಅಪ್ಪಾ?’ ಎಂದು ಕೇಳಿದೆವು. ಅವರು ವಹಿಯನ್ನು ಮುಚ್ಚಿ, ‘ನಾ ಮಳಿ ಸುದ್ದಿ ಬರದ್ರ ಯಾರೂ ಮಾತಾಡ್ತಿದ್ದಿಲ್ಲ. ಮಚ್ಚಾ ಅಂದಾಗ ಎಲ್ಲಾರೂ ಮಾತಾಡಿದ್ರಿ’ ಎಂದರು. ನಮಗೆ ಉತ್ತರ ಹೊಳೆಯಲಿಲ್ಲ.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಅಕ್ಕನ ಮಗಳು ಆ ಸಂಜೆ ಪೆನ್ಸಿಲು ಹಿಡಿದು ಅಜ್ಜನ ಪಕ್ಕದಲ್ಲಿ ಕುಳಿತಳು. ವಹಿಯಲ್ಲಿ ಒಂದು ಗೆರೆ ಎಳೆದು ‘ಯಾರಿಗೆ’ ಎಂಬ ಹೊಸ ಸಾಲನ್ನು ತುಂಬಿದಳು. ಬುರುಡೆಯ ಮುಂದೆ, ‘ಅತ್ತಿಗೆ ಬ್ಯಾಡ’ ಎಂದು ಬರೆದಾಗ ಮೊದಲು ನಕ್ಕವರು ತಂದೆಯವರೇ.

ನಾವು ಮುಂಬಯಿಗೆ ಮರಳಿದ ಮೇಲೆ ಒಂದು ಮುಂಜಾನೆ ಗುಂಪಿನಲ್ಲಿ, ‘ಕಡ್ಲಿ ಬಿತ್ತಾಕ ಹದ ಐತಿ’ ಎಂದು ಬರೆದಿದ್ದರು. ನಾವು ಉತ್ತರಿಸುವ ಮೊದಲೇ ಹುಬ್ಬಳ್ಳಿಯಿಂದ ಪ್ರಶ್ನೆ ಬಂದಿತ್ತು: ‘ಅಜ್ಜಾ, ಹದ ಅಂದ್ರ ಏನು?’ ಅದಕ್ಕೆ ತಂದೆಯವರು ಬರೆದ ಉತ್ತರ, ಬಾಲಕ ಬಾಲಿಕೆಯರೇ, ಫೋನಿನ ಪರದೆಯಲ್ಲಿ ಒಂದು ಪುಟವನ್ನೂ ಮೀರಿತ್ತು.