ಗೇಟಿನಾಚೆಗೆ ತಲುಪಬೇಕಾದ ಪತ್ರ

ತಂಡಕ್ಕೆ ಹೊಸದಾಗಿ ಸೇರುವವರಿಗೆ ಬರೆಯುವ ಸ್ವಾಗತದ ಇಮೇಲ್ ಅವರ ಸ್ವಂತ ವಿಳಾಸಕ್ಕೆ ಹೋಗಬೇಕು. ಕಚೇರಿಯ ವಿಳಾಸ ಸಿದ್ಧವಾಗಿದ್ದರೂ ಅದರ ಪಾಸ್‌ವರ್ಡ್ ಸಾಮಾನ್ಯವಾಗಿ ಕೈಗೆ ಬರುವುದು ಮೊದಲ ದಿನ ಒಳಗೆ ಬಂದ ಮೇಲೆಯೇ. ಸೋಮವಾರ ಸೇರುವವರಿಗೆ ಪತ್ರ ಗುರುವಾರವೇ ಸಿಕ್ಕರೆ ಬಿಟ್ಟುಹೋದ ಕಾಗದ ಹೊಂದಿಸಿಕೊಳ್ಳಲು ಶುಕ್ರವಾರ ಉಳಿಯುತ್ತದೆ. ಶನಿವಾರ ಸಿಕ್ಕಿದರೆ ವಿಚಾರಿಸೋಣವೆಂದರೂ ಹಳೆಯ ಕಚೇರಿಯಲ್ಲಿ ಫೋನ್ ಎತ್ತುವವರಿರುವುದಿಲ್ಲ.

ಈ ಬರವಣಿಗೆಯ ನಿಜವಾದ ಸೊಗಸಿರುವುದು ದಾರಿ ಹೇಳುವಲ್ಲಿ. ದಾವಣಗೆರೆಯಿಂದ ಬಂದು ಮೆಜೆಸ್ಟಿಕ್ ಹತ್ತಿರ ಉಳಿದುಕೊಂಡ ಟೆಸ್ಟಿಂಗ್ ಎಂಜಿನಿಯರ್ ಒಬ್ಬರು ವೈಟ್‌ಫೀಲ್ಡಿನ ಐಟಿಪಿಎಲ್‌ನಲ್ಲಿರುವ ಕಚೇರಿಗೆ ಸೇರುತ್ತಾರೆ ಎನ್ನೋಣ. ಅವರಿಗೆ ನಕ್ಷೆಯ ಕೊಂಡಿಯೊಂದೇ ಸಾಲದು. "ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಪಟ್ಟಂದೂರು ಅಗ್ರಹಾರದಲ್ಲಿ ಇಳಿಯಿರಿ. ವೈಟ್‌ಫೀಲ್ಡ್ ಎಂಬ ಹೆಸರಿನ ಕೊನೆಯ ನಿಲ್ದಾಣ ಇನ್ನೂ ಮೂರು ನಿಲ್ದಾಣ ಮುಂದಿದೆ, ಅಲ್ಲಿಯವರೆಗೆ ಹೋಗಬೇಡಿ" ಎಂಬ ಎರಡು ವಾಕ್ಯ ಬೇಕು. ವಿಳಾಸದಲ್ಲಿ ವೈಟ್‌ಫೀಲ್ಡ್ ಎಂದಿರುವುದನ್ನು ಓದಿಕೊಂಡವರು ತಪ್ಪುವುದು ಸರಿಯಾಗಿ ಇಲ್ಲಿಯೇ. ತಂಡದವರು 9ಕ್ಕೇ ಬರುತ್ತಿದ್ದರೂ ಹೊಸಬರಿಗೆ 10 ಗಂಟೆ ಹೇಳುವುದು ಒಳ್ಳೆಯದು. ಅಷ್ಟರಲ್ಲಿ ಅವರನ್ನು ಎದುರುಗೊಳ್ಳುವವರೂ ಲ್ಯಾಪ್‌ಟಾಪ್ ಕೊಡುವವರೂ ತಮ್ಮ ಜಾಗದಲ್ಲಿರುತ್ತಾರೆ.

ಗೇಟಿನಲ್ಲಿ ತಡವಾಗುವುದು ಬಹುಮಟ್ಟಿಗೆ ಹೆಸರಿನಿಂದ. ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ ಇದ್ದು, ಆಧಾರ್‌ನಲ್ಲಿ ತಂದೆಯ ಹೆಸರು ಪೂರ್ತಿ ಬಿಡಿಸಿ ಬರೆದಿರುವುದು ನಮ್ಮಲ್ಲಿ ಸಾಮಾನ್ಯ. ಸೆಕ್ಯುರಿಟಿಯವರಿಗೆ ಹಿಂದಿನ ದಿನ ಕೊಡುವ ಪಟ್ಟಿಯಲ್ಲಿ, ತೋರಿಸಲಿರುವ ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಹೆಸರಿರಬೇಕು. ಯಾವ ಚೀಟಿ ತರಬೇಕೆಂಬುದನ್ನು ಪತ್ರ ಹೇಳಬೇಕು. ಗೇಟಿಗೆ ಬಂದು ಕರೆದುಕೊಂಡು ಹೋಗುವವರ ಹೆಸರು, ಮೊಬೈಲ್ ಸಂಖ್ಯೆಯೂ ಅಲ್ಲೇ ಇರಲಿ. ಸ್ವಾಗತ ಕಚೇರಿಯ ಸ್ಥಿರ ದೂರವಾಣಿ ಆ ಹೊತ್ತಿಗೆ ಉಪಯೋಗಕ್ಕೆ ಬಾರದು.

ತರಬೇಕಾದ ಕಾಗದಗಳಲ್ಲಿ ಪ್ಯಾನ್ ಕಾರ್ಡ್, ರದ್ದುಪಡಿಸಿದ ಚೆಕ್, ಹಿಂದಿನ ಕಂಪನಿಯ ರಿಲೀವಿಂಗ್ ಲೆಟರ್ ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ಭವಿಷ್ಯನಿಧಿಯ 12 ಅಂಕಿಗಳ ಯುಎಎನ್. ಅದನ್ನು ಕೊಡದೆ ಹೊಸ ಸಂಖ್ಯೆ ಹುಟ್ಟಿಕೊಂಡರೆ ಹಳೆಯ ಹಣ ಒಂದು ಕಡೆ, ಹೊಸದು ಇನ್ನೊಂದು ಕಡೆ ಉಳಿದು, ಆಮೇಲೆ ವರ್ಗಾವಣೆಗೆ ಅಲೆಯಬೇಕಾಗುತ್ತದೆ. ಹಳೆಯ ಸಂಬಳದ ಚೀಟಿಯಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ ಇರುತ್ತದೆ ಎಂದು ಪತ್ರದಲ್ಲೇ ತಿಳಿಸಿದರೆ ಹುಡುಕಾಟ ಕಡಿಮೆಯಾಗುತ್ತದೆ.

ಮಧ್ಯಾಹ್ನದ ಊಟ ತಂಡದ ಜೊತೆ ಎಂದು ಒಂದು ಸಾಲು ಬರೆದರೆ, ಡಬ್ಬಿ ಕಟ್ಟಬೇಕೋ ಬೇಡವೋ ಎಂಬ ಪ್ರಶ್ನೆ ಬಗೆಹರಿಯುತ್ತದೆ. ಸಂಜೆ ಎಷ್ಟು ಹೊತ್ತಿಗೆ ಹೊರಡಬಹುದು ಎಂಬುದನ್ನೂ ಸೇರಿಸಬೇಕು, ಹೊಸಬರು ಅದನ್ನು ಬಾಯಿಬಿಟ್ಟು ಕೇಳುವುದಿಲ್ಲ.

ಕಳುಹಿಸುವ ಮುನ್ನ ಪತ್ರವನ್ನು ತಮ್ಮದೇ ಸ್ವಂತ ವಿಳಾಸಕ್ಕೆ ಹಾಕಿಕೊಂಡು, ಕಚೇರಿಯ ವೈಫೈ ಬಿಟ್ಟು ಮೊಬೈಲಿನಲ್ಲಿ ತೆರೆದು ನೋಡಬೇಕು. ಕಚೇರಿಯ ಒಳಜಾಲದಲ್ಲಿ ಮಾತ್ರ ತೆರೆಯುವ ಕೊಂಡಿಗಳು ಆಗ ತಾವಾಗಿಯೇ ಸಿಕ್ಕಿಬೀಳುತ್ತವೆ. ಅಂಥವನ್ನು ತೆಗೆದು, ಅವುಗಳಲ್ಲಿದ್ದ ವಿವರವನ್ನು ಪತ್ರದಲ್ಲೇ ಬರೆದು ಕಳುಹಿಸಬೇಕು.