ವಾರಂಟಿ ಚೀಟಿಯ ವ್ಯಾಕರಣ

ಕನ್ನಡ ಅಧ್ಯಾಪಕನ ಬಳಿಗೆ ಜನ ಸಾಮಾನ್ಯವಾಗಿ ಮದುವೆಯ ಕರೆಯೋಲೆ ತಿದ್ದಿಸಲು ಬರುತ್ತಾರೆ. ಇಲ್ಲವೇ ಮಗುವಿಗೊಂದು ಹೆಸರು ಕೇಳಲು. ಗ್ರೈಂಡರಿನ ವಾರಂಟಿ ಚೀಟಿ ತಿದ್ದಿಕೊಡಿ ಎಂದು ಬಂದವನು ನನ್ನ ಇಪ್ಪತ್ತು ವರ್ಷದ ವೃತ್ತಿಯಲ್ಲಿ ಒಬ್ಬನೇ. ಒಂದು ಕಾಲಕ್ಕೆ ಅವನು ನನ್ನ ಛಂದಸ್ಸಿನ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ. ಈಗ ಹತ್ತು ಹನ್ನೆರಡು ಮಂದಿಗೆ ಕೆಲಸ ಕೊಟ್ಟು ಗ್ರೈಂಡರುಗಳನ್ನು ಜೋಡಿಸಿ ಮಾರುತ್ತಾನೆ. ನಿದ್ದೆಯಿಂದ ಅವನಿಗೆ ನಷ್ಟವೇನೂ ಆದಂತಿಲ್ಲ.

“ಮೇಷ್ಟ್ರೇ, ಒಬ್ಬ ಅಮ್ಮನವರ ಹತ್ತಿರ ಸೋತು ಬಂದೆ” ಎಂದ. ಆಕೆ ಕೊಂಡ ಗ್ರೈಂಡರಿನ ಗುಂಡುಕಲ್ಲು ನಾಲ್ಕನೆಯ ತಿಂಗಳಲ್ಲಿ ಬಿರುಕು ಬಿಟ್ಟಿತು. ರಿಪೇರಿಯ ಹುಡುಗ ಕಲ್ಲಿಗೆ ವಾರಂಟಿ ಇಲ್ಲ ಎಂದ. ಆಕೆ ಚೀಟಿಯನ್ನು ತೆಗೆದು, ಇದೆ ಎಂದರು. ಇಬ್ಬರೂ ತೋರಿಸಿದ್ದು ಒಂದೇ ವಾಕ್ಯವನ್ನು: “ಒರಟು ಬಳಕೆಯಿಂದ ಕೆಟ್ಟ ಡ್ರಮ್ಮು, ಬೆಲ್ಟು, ಗುಂಡುಕಲ್ಲುಗಳಿಗೆ ವಾರಂಟಿ ಅನ್ವಯಿಸುವುದಿಲ್ಲ.”

ಓದುಗರು ಈ ವಾಕ್ಯವನ್ನು ಇನ್ನೊಮ್ಮೆ ನೋಡಬೇಕು. “ಒರಟು ಬಳಕೆಯಿಂದ ಕೆಟ್ಟ” ಎಂಬ ವಿಶೇಷಣ ಡ್ರಮ್ಮಿಗೆ ಮಾತ್ರ ಅಂಟಿಕೊಂಡಿದೆಯೋ, ಮೂರಕ್ಕೂ ಹರಿದಿದೆಯೋ? ಡ್ರಮ್ಮಿಗೆ ಮಾತ್ರವಾದರೆ ಬೆಲ್ಟಿಗೂ ಕಲ್ಲಿಗೂ ಎಂದೆಂದಿಗೂ ವಾರಂಟಿ ಇಲ್ಲ. ಹುಡುಗ ಹೇಳಿದ್ದು ಸರಿ. ಮೂರಕ್ಕೂ ಆದರೆ, ಒರಟಾಗಿ ಬಳಸದೆ ತಾನಾಗಿ ಬಿರಿದ ಕಲ್ಲನ್ನು ಕಂಪನಿ ಬದಲಿಸಿಕೊಡಬೇಕು. ಅಮ್ಮನವರು ಹೇಳಿದ್ದು ಸರಿ. ನಮ್ಮ ಭಾಷೆಯಲ್ಲಿ ವಿಶೇಷಣ ಮುಂದೆ ನಿಲ್ಲುತ್ತದೆ, ನಾಮಪದಗಳು ಸಾಲಾಗಿ ಹಿಂದೆ ಬರುತ್ತವೆ. ಎಲ್ಲಿಯವರೆಗೆ ಅದರ ಅಧಿಕಾರ ಎಂಬುದನ್ನು ಓದುವವನೇ ತೀರ್ಮಾನಿಸಬೇಕು. ಮರುದಿನ ಬಿ.ಎ. ತರಗತಿಯಲ್ಲಿ ಅದನ್ನು ಕಪ್ಪು ಹಲಗೆಯ ಮೇಲೆ ಬರೆದು, ಕಲ್ಲಿಗೆ ವಾರಂಟಿ ಇದೆಯೇ ಎಂದು ಕೇಳಿದೆ. ತರಗತಿ ಎರಡು ಪಕ್ಷವಾಯಿತು. ಪಂಪನ ಪದ್ಯಕ್ಕೂ ಅಷ್ಟು ವಾದ ಎಂದೂ ನಡೆದಿರಲಿಲ್ಲ.

ಇದು ಬರಿಯ ವ್ಯಾಕರಣದ ಆಟವಲ್ಲ. ಕರಾರಿನ ಮಾತು ಎರಡು ಅರ್ಥಕ್ಕೆ ಎಡೆಗೊಟ್ಟರೆ, ಅದನ್ನು ಬರೆದವನಿಗೆ ಪ್ರತಿಕೂಲವಾದ ಅರ್ಥವನ್ನು ಹಿಡಿಯುವುದು ನ್ಯಾಯಾಲಯಗಳಲ್ಲಿ ಹಳೆಯ ಪದ್ಧತಿ. ವಿಮೆಯ ಮೊಕದ್ದಮೆಗಳಲ್ಲಿ ಸುಪ್ರೀಂ ಕೋರ್ಟು ಇದನ್ನು ಎಷ್ಟೋ ಸಲ ಬಳಸಿದೆ. “ಹಾಗಾದರೆ ಆಕೆಗೆ ಕಲ್ಲು ಕೊಡಬೇಕೇ?” ಎಂದ. “ಕೊಡು. ಆಮೇಲೆ ನಿನ್ನ ಮನಸ್ಸಿನಲ್ಲಿ ಏನಿದೆ ಹೇಳು, ಅದನ್ನೇ ಬರೆಯೋಣ” ಎಂದೆ.

ಮನಸ್ಸಿನಲ್ಲಿ ಏನಿದೆ ಎಂಬುದು ಅವನಿಗೇ ತಿಳಿದಿರಲಿಲ್ಲ. ಇನ್ನಾವುದೋ ಕಂಪನಿಯ ಚೀಟಿಯನ್ನು ನೋಡಿ ಬರೆಸಿದ್ದನಂತೆ. ಹೊರಗುಳಿಯುವುದೆಲ್ಲ ಅಲ್ಲಿ ಒಂದೇ ರಾಶಿಯಾಗಿ ಬಿದ್ದಿತ್ತು. ಬಿಡಿಸುತ್ತ ಹೋದಾಗ ಮೂರು ಬಗೆ ಕಂಡವು: ಕೆಲವು ಭಾಗಗಳು ಹೊರಗೆ, ಕೆಲವು ಕಾರಣಗಳು ಹೊರಗೆ, ಕೆಲವು ಬಳಕೆಗಳು ಹೊರಗೆ. ಭಾಗಗಳದು ಸುಲಭವಾಗಿ ಮುಗಿಯಿತು. ಬೆಲ್ಟು ಸವೆಯುವ ವಸ್ತು, ಅದಕ್ಕೆ ವಾರಂಟಿ ಇಲ್ಲ; ಕಲ್ಲು ಸವೆದರೆ ಇಲ್ಲ, ಒಂದು ವರ್ಷದೊಳಗೆ ಬಿರುಕು ಬಿಟ್ಟರೆ ಇದೆ. ಎರಡು ಮಾತು, ಎರಡು ವಾಕ್ಯ.

ಕಾರಣಗಳ ಹತ್ತಿರ ತಡವಾಯಿತು. “ವಿದ್ಯುತ್ ಏರಿಳಿತದಿಂದ ಸುಟ್ಟ ಮೋಟಾರಿಗೆ ವಾರಂಟಿ ಇಲ್ಲ” ಎಂದಿತ್ತು. ಸುಟ್ಟ ಮೋಟಾರು ನನ್ನನ್ನು ಸುಟ್ಟದ್ದು ಇಂಥದು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ಯಾವ ಮೋಟಾರನ್ನಾದರೂ ಈ ಮಾತಿನಿಂದ ವಾಪಸು ಕಳಿಸಬಹುದು. ಅವನ ಹಿರಿಯ ಮೆಕ್ಯಾನಿಕ್ಕನ್ನು ಕರೆಸಿ ಕೇಳಿದೆ. ಸುರುಳಿ ಉದ್ದಕ್ಕೂ ಒಂದೇ ಸಮನೆ ಕಪ್ಪಾಗಿದ್ದರೆ ಹೆಚ್ಚು ಹೊರೆ ಬಿದ್ದಿರಬಹುದು ಅಥವಾ ವೋಲ್ಟೇಜು ಕುಸಿದಿರಬಹುದು; ಒಂದೇ ಕಡೆ ಸುಟ್ಟು ಉಳಿದ ತಂತಿ ಹೊಳೆಯುತ್ತಿದ್ದರೆ ಅಲ್ಲಿ ತಂತಿಯ ಹೊದಿಕೆಯಲ್ಲೇ ದೋಷವಿತ್ತೆಂಬ ಅನುಮಾನ ಬಲವಾಗುತ್ತದೆ ಎಂದ. ಪ್ರತಿಸಲವೂ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ ಎಂಬುದನ್ನೂ ಸೇರಿಸಿದ, ಪ್ರಾಮಾಣಿಕ ಮನುಷ್ಯ. ಕೊನೆಗೆ ಬರೆದದ್ದು ಹೀಗೆ: “ಮೋಟಾರು ಸುಟ್ಟರೆ ನಾವು ಬಿಚ್ಚಿ ನೋಡುತ್ತೇವೆ. ವಿದ್ಯುತ್ತಿನಿಂದ ಅಥವಾ ಹೆಚ್ಚು ಹೊರೆಯಿಂದ ಸುಟ್ಟಿದೆ ಎಂದು ಕಂಡರೆ, ಕಾರಣವನ್ನು ಬರೆದು, ಸುರುಳಿಯನ್ನು ನಿಮಗೆ ತೋರಿಸುತ್ತೇವೆ. ಹಾಗೆ ತೋರಿಸಲಾಗದಿದ್ದರೆ ಉಚಿತವಾಗಿ ಸರಿಪಡಿಸುತ್ತೇವೆ.” ಕೊನೆಯ ವಾಕ್ಯಕ್ಕೆ ಅವನು ಎರಡು ದಿನ ಯೋಚಿಸಿ ಒಪ್ಪಿದ.

ಬಳಕೆಯದೇ ನಿಜವಾದ ಮುಳ್ಳು. “ವಾಣಿಜ್ಯ ಬಳಕೆಗೆ ವಾರಂಟಿ ಇಲ್ಲ.” ಹೋಟೆಲು ಎಂದರೆ ವಾಣಿಜ್ಯ, ಸರಿ. ಬೆಳಿಗ್ಗೆ ಎದ್ದು ದೋಸೆಹಿಟ್ಟು ರುಬ್ಬಿ ನಾಲ್ಕು ಮನೆಗೆ ಮಾರಿ ಸಂಸಾರ ತೂಗಿಸುವ ಹೆಂಗಸು? 2019ರ ಗ್ರಾಹಕ ಸಂರಕ್ಷಣಾ ಕಾಯಿದೆ, ವಾಣಿಜ್ಯ ಉದ್ದೇಶಕ್ಕೆ ಕೊಂಡವನನ್ನು ಗ್ರಾಹಕನ ಲೆಕ್ಕದಿಂದ ಹೊರಗಿಟ್ಟರೂ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕೆಂದೇ ಕೊಂಡು ಬಳಸುವವನನ್ನು ಒಳಗೇ ಉಳಿಸಿಕೊಂಡಿದೆ. ಹಾಗೆಂದು ಕಂಪನಿ ಎಲ್ಲ ಬಳಕೆಗೂ ಒಂದೇ ಅವಧಿಯ ವಾರಂಟಿ ಕೊಡಬೇಕೆಂದಲ್ಲ. ಆದರೆ “ವಾಣಿಜ್ಯ” ಎಂಬ ಪದವನ್ನು ಆಕೆಯ ತಲೆಯ ಮೇಲೆ ಹಾಕುವ ಮೊದಲು, ಅದು ಆಕೆಯನ್ನೂ ಸೇರಿಸುತ್ತದೆಂದು ಅಂಗಡಿಯಲ್ಲೇ ತಿಳಿಯಬೇಡವೇ? ನಾವು ಆ ಪದವನ್ನೇ ಕೈಬಿಟ್ಟೆವು. “ಹೋಟೆಲು, ಮೆಸ್ಸು, ಹಾಸ್ಟೆಲುಗಳಲ್ಲಿ ಬಳಸಿದರೆ ವಾರಂಟಿ ಇಲ್ಲ. ಮನೆಯಲ್ಲೇ ಹಿಟ್ಟು ರುಬ್ಬಿ ಮಾರುವವರಿಗೆ ವಾರಂಟಿ ಆರು ತಿಂಗಳು.” ಆರು ತಿಂಗಳು ಕಡಮೆಯೆಂದು ನನಗೆ ಈಗಲೂ ಅನ್ನಿಸುತ್ತದೆ, ಆದರೆ ದುಡ್ಡು ಅವನದು. ಕೊಳ್ಳುವಾಗಲೇ ತಿಳಿದರೆ ಆಕೆ ಬೇರೆ ಅಂಗಡಿಗೆ ಹೋಗಬಹುದು.

ಉಳಿದದ್ದು ಭಾಷೆಯ ಕಸ ಗುಡಿಸುವ ಕೆಲಸ. ದೋಷ, ನ್ಯೂನತೆ, ಕೊರತೆ, ಹಾನಿ ಎಂದು ನಾಲ್ಕು ಪದಗಳಿದ್ದುವು. ಪುನರುಕ್ತಿ ದೋಷವೆಂದು ನಾವೇ ಕಲಿಸಿದ್ದಲ್ಲವೇ! ಚೀಟಿಯಲ್ಲಿ ಪದ ಬದಲಾದರೆ ವಸ್ತುವೂ ಬೇರೆಯೇ ಇರಬೇಕೆಂದು ಓದುವವನು ಊಹಿಸುತ್ತಾನೆ. “ದೋಷ” ಒಂದನ್ನೇ ಉಳಿಸಿದೆವು. “ಸರಿಪಡಿಸಲಾಗುವುದು” ಎಂಬಲ್ಲಿ ಸರಿಪಡಿಸುವವನು ಯಾರೆಂದೇ ಗೊತ್ತಾಗುವುದಿಲ್ಲ. “-ಲಾಗುವುದು” ಎಂಬ ರೂಪ ಕರ್ತೃ ಅಡಗಿಕೊಳ್ಳುವ ಅಟ್ಟ. ಅದರಿಂದ ಇಳಿಸಿ “ನಾವು” ಎಂದು ಬರೆಸಿದೆ.

ದೂರು ಕೊಡುವ ಕ್ರಮವೂ ಹೀಗೇ ಅಡಗಿತ್ತು. ಒಂದೆಡೆ “ಅಧಿಕೃತ ಮಾರಾಟಗಾರ”, ಇನ್ನೊಂದೆಡೆ “ಸೇವಾ ಕೇಂದ್ರ”, ಮತ್ತೊಂದೆಡೆ “ಕಚೇರಿ”. ಯಾರ ಬಾಗಿಲು ತಟ್ಟಬೇಕು? ಅವಧಿ ಒಂದು ಪುಟದಲ್ಲಿ ಕೊಂಡ ದಿನದಿಂದ, ಹಿಂಬದಿಯಲ್ಲಿ ತಯಾರಾದ ದಿನದಿಂದ. ಈಗ ಹೀಗಿದೆ: ಮೊದಲು ಈ ಒಂದು ನಂಬರಿಗೆ ಫೋನು ಮಾಡಿ, ಯಂತ್ರದ ತಳದಲ್ಲಿರುವ ಸಂಖ್ಯೆಯನ್ನು ಹೇಳಿ ದೂರಿನ ಸಂಖ್ಯೆ ಪಡೆಯಿರಿ. ಬಿಲ್ಲು ಅಥವಾ ಈ ಚೀಟಿ, ಎರಡರಲ್ಲಿ ಒಂದು ಸಾಕು. ಎರಡೂ ಕಳೆದಿದ್ದರೆ ಅವಧಿಯನ್ನು ಯಂತ್ರ ತಯಾರಾದ ತಿಂಗಳು ಮುಗಿದು ಮೂರು ತಿಂಗಳಾದ ಮೇಲಿನಿಂದ ಎಣಿಸುತ್ತೇವೆ. ಏಳು ದಿನದೊಳಗೆ ನಮ್ಮವರು ಬರುತ್ತಾರೆ. ಸಾಗಣೆಯ ಖರ್ಚು ನಮ್ಮದು.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ “5 ವರ್ಷದ ವಾರಂಟಿ” ಎಂದು ಅಚ್ಚಾಗಿದ್ದುದು ಕೊನೆಗೆ ಕಣ್ಣಿಗೆ ಬಿತ್ತು. ಐದು ವರ್ಷ ಮೋಟಾರಿಗೆ ಮಾತ್ರ. “ಪೆಟ್ಟಿಗೆಯನ್ನೂ ತಿದ್ದಬೇಕೇ?” ಎಂದು ಅವನು ನನ್ನ ಮುಖ ನೋಡಿದ. ಚೀಟಿ ಓದುವುದು ಯಂತ್ರ ಕೆಟ್ಟಮೇಲೆ, ಪೆಟ್ಟಿಗೆ ಓದುವುದು ಕೊಳ್ಳುವಾಗ ಎಂದೆ. “ಮೋಟಾರಿಗೆ 5 ವರ್ಷ, ಉಳಿದುದಕ್ಕೆ 1 ವರ್ಷ” ಎಂದು ಒಂದೇ ಅಳತೆಯ ಅಕ್ಷರದಲ್ಲಿ ಹಾಕಿಸಿದ್ದಾನೆ. ಹಳೆಯ ಪೆಟ್ಟಿಗೆಗಳು ಗೋದಾಮಿನಲ್ಲಿ ಇನ್ನೂ ಕೆಲವು ನೂರು ಇವೆಯಂತೆ. ಅವುಗಳ ಮೇಲೆ ಚೀಟಿ ಅಂಟಿಸುವ ಕೆಲಸ ನಡೆಯುತ್ತಿದೆ. ಈಗಾಗಲೇ ಮಾರಿಹೋದವುಗಳಿಗೆ ಹಳೆಯ ಮಾತೇ ಅನ್ವಯ.